ಒಂದು ಭಾನುವಾರ, ಎರಡು ಬಾಕ್ಸ್ ಟೊಮ್ಯಾಟೊ

ಟೊಮ್ಯಾಟೊ ಕೆಜಿಗೆ ನೂರು ದಾಟಿದರೆ ಗಾಡಿಯವನಿಗೆ ಸುಗ್ಗಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 2023ರ ಜುಲೈನಲ್ಲಿ ನಮ್ಮ ಮಾಮನ ತರಕಾರಿ ಗಾಡಿ ಮುಂದೆ ನಿಂತು ಇದೇ ಮಾತು ಆಡದ ಗಿರಾಕಿಯೇ ಇರಲಿಲ್ಲ. "ನಿಮಗೇನಪ್ಪಾ, ಈಗ ಒಳ್ಳೆ ಟೈಮು" ಅನ್ನುತ್ತಿದ್ದರು. ಮಾಮ ಸುಮ್ನೆ ನಕ್ಕು ತಕ್ಕಡಿ ಎತ್ತುತ್ತಿದ್ದ. ಆ ತಿಂಗಳು ಅವನ ಮನೆಯಲ್ಲಿ ಬಾಡಿಗೆ ಕಟ್ಟಲು ಪರದಾಟ ನಡೆದಿತ್ತು ಅಂತ ಗಿರಾಕಿಗಳಿಗೆ ಹೇಗೆ ಗೊತ್ತಾಗಬೇಕು.

ಮಾಮ ಹುಟ್ಟಿನಿಂದ ತರಕಾರಿ ವ್ಯಾಪಾರಿಯಲ್ಲ. ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. 2020ರ ಲಾಕ್‌ಡೌನ್‌ನಲ್ಲಿ ಆ ಕೆಲಸ ಹೋಯಿತು, ತಳ್ಳುಗಾಡಿ ಬಂತು. ಬೆಂಗಳೂರಿನಲ್ಲಿ ಆಗ ಇಂಥ ಗಾಡಿಗಳು ಬೀದಿಗೊಂದು ಹುಟ್ಟಿಕೊಂಡವು. ಕಲಾಸಿಪಾಳ್ಯದ ಮಂಡಿಯಲ್ಲಿ ನಸುಕಿಗೇ ಮಾಲು ಹಿಡಿಯುವುದು, ಲಗೇಜ್ ಆಟೋದಲ್ಲಿ ನಾಲ್ಕೈದು ಜನ ಸೇರಿ ತರುವುದು, ಹಣ್ಣು ಬೇರೆ ದೋರಗಾಯಿ ಬೇರೆ ಮಾಡಿ ಜೋಡಿಸುವುದು, ಇದನ್ನೆಲ್ಲ ಅವನು ಬೇಗ ಕಲಿತ. ಆದರೆ ರೇಟು ಹೀಗೆ ಹುಚ್ಚು ಕುಣಿಯುವುದನ್ನು ಮಾತ್ರ ಆವರೆಗೆ ನೋಡಿರಲಿಲ್ಲ.

ನಾನು ಆಗ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೆ. ಗಾಡಿಗೆ ಕೈಜೋಡಿಸುತ್ತಿದ್ದ ಹುಡುಗ ಊರಿಗೆ ಹೋಗಿದ್ದ. ಭಾನುವಾರ ವ್ಯಾಪಾರ ಜೋರು. ಹಾಗಾಗಿ ಮಾಮ ನನ್ನನ್ನು ಕರೆದ. "ನಿಂಗೂ ಓದಿದ್ದು ಉಪಯೋಗಕ್ಕೆ ಬರುತ್ತೆ, ಬಾ" ಅಂದ. ನಾನೀಗ ಪಿಯುಸಿ ಮಕ್ಕಳಿಗೆ ಬೇಡಿಕೆ–ಪೂರೈಕೆ ಪಾಠ ಮಾಡುವಾಗ ಹೇಳುವುದು ಆ ಭಾನುವಾರದ ಲೆಕ್ಕವನ್ನೇ.

ಮೊದಲು ಮಾಮೂಲಿ ದಿನದ ಲೆಕ್ಕ ನೋಡಿ. ಟೊಮ್ಯಾಟೊ ಬರುವುದು 15 ಕೆಜಿ ಬಾಕ್ಸ್‌ನಲ್ಲಿ. ಬಾಕ್ಸ್ 300 ರೂಪಾಯಿ ಇದ್ದಾಗ ಮಾಮ ಮೂರು ಬಾಕ್ಸ್ ತರುತ್ತಿದ್ದ. 900 ರೂಪಾಯಿ ಬಂಡವಾಳ. ಒಡೆದದ್ದು, ಕೊಳೆತದ್ದು ತೆಗೆದರೆ 40 ಕೆಜಿಯಷ್ಟು ಮಾರಾಟಕ್ಕೆ ಸಿಗುತ್ತದೆ. ಕೆಜಿ 30ರಂತೆ ಬೆಳಗ್ಗೆ ಮಾರಿ, ಉಳಿದದ್ದನ್ನು ಸಂಜೆ 20ಕ್ಕೆ ಬಿಟ್ಟರೂ ಟೊಮ್ಯಾಟೊ ಒಂದರಿಂದಲೇ 200ಕ್ಕಿಂತ ಜಾಸ್ತಿ ಉಳಿಯುತ್ತಿತ್ತು. ಜತೆಗೆ ಬೀನ್ಸ್, ಈರುಳ್ಳಿ, ಆಲೂಗಡ್ಡೆ, ಸೊಪ್ಪು ಎಲ್ಲ ಇರುತ್ತವೆ. ಇಡೀ ಗಾಡಿಗೆ ದಿನದ ಬಂಡವಾಳ ಐದು ಸಾವಿರ. ಅದಕ್ಕಿಂತ ಹೆಚ್ಚು ಅವನ ಕೈಯಲ್ಲಿ ಇರುತ್ತಿರಲಿಲ್ಲ.

ಆ ಭಾನುವಾರ ಮಂಡಿಯಲ್ಲಿ ಬಾಕ್ಸ್‌ಗೆ 1,500. ಕೋಲಾರದ ಎಪಿಎಂಸಿಯಲ್ಲಿ ಆ ತಿಂಗಳು ಒಳ್ಳೆ ಮಾಲು 2,000 ದಾಟಿದ್ದೂ ಉಂಟು. ಅದಕ್ಕೆ ಕಾರಣ ಬೆಂಗಳೂರಿನ ಒಳಗೆ ಹುಡುಕಿದರೆ ಸಿಗುವುದಿಲ್ಲ. ಬೇಸಿಗೆಯ ಬಿಸಿಲು ಮತ್ತು ಬಿಳಿ ನೊಣದಿಂದ ಹರಡುವ ಎಲೆ ಮುದುಡು ರೋಗ ಕೋಲಾರದ ತೋಟಗಳನ್ನು ಬಡಿದಿತ್ತು. ಉತ್ತರದಲ್ಲಿ ಜೋರು ಮಳೆಗೆ ಹಿಮಾಚಲದ ಕಡೆಯ ಮಾಲು ಕೆಟ್ಟಿತ್ತು, ರಸ್ತೆಗಳು ಕುಸಿದಿದ್ದವು. ಹಾಗಾಗಿ ಉತ್ತರದ ವ್ಯಾಪಾರಿಗಳ ಲಾರಿಗಳು ಕೋಲಾರಕ್ಕೆ ಬಂದು ನಿಂತವು. ಜುಲೈ ಮಧ್ಯದಲ್ಲಿ ಕೇಂದ್ರ ಸರ್ಕಾರವೇ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ಮಂಡಿಗಳಿಂದ ಟೊಮ್ಯಾಟೊ ಕೊಂಡು ದೆಹಲಿಯಲ್ಲಿ ಕೆಜಿಗೆ 90ರಂತೆ ಮಾರತೊಡಗಿತು. ನಮ್ಮ ಬೀದಿಯ ಅಜ್ಜಿ ಸಾರಿಗೆ ಎರಡು ಹಣ್ಣು ಆರಿಸುವಾಗ, ಅವರಿಗೆ ಗೊತ್ತಿಲ್ಲದೆಯೇ ದೆಹಲಿಯ ಅಡುಗೆಮನೆಯ ಜತೆ ಹರಾಜು ಕೂಗುತ್ತಿದ್ದರು.

ಆ ತಿಂಗಳು ಬೇರೆ ದಿನಗಳಲ್ಲಿ ಮಾಮ ಒಂದೇ ಬಾಕ್ಸ್ ತರುತ್ತಿದ್ದ. ಭಾನುವಾರ ಅಂತ ಧೈರ್ಯ ಮಾಡಿ ಎರಡು ತೆಗೆದ. 3,000 ರೂಪಾಯಿ, ಹಮಾಲಿ ಮತ್ತು ಆಟೋಗೆ 40. ಐದು ಸಾವಿರದಲ್ಲಿ ಮೂರು ಸಾವಿರ ಟೊಮ್ಯಾಟೊಗೇ ಹೋಯಿತು. ಉಳಿದದ್ದರಲ್ಲಿ ಬೀನ್ಸ್ ಅರ್ಧ ಮೂಟೆ ಕಡಿಮೆ ಬಂತು, ಕ್ಯಾರೆಟ್ ಬರಲೇ ಇಲ್ಲ. ದುಬಾರಿ ಮಾಲಿನ ಮೊದಲ ಏಟು ಬೀಳುವುದು ಇಲ್ಲಿ. ಬಂಡವಾಳ ಅಷ್ಟೇ ಇದ್ದು ರೇಟು ಐದರಷ್ಟಾದರೆ ಗಾಡಿಯೇ ಬರಿದಾಗಿ ಕಾಣುತ್ತದೆ. ಬರಿದಾದ ಗಾಡಿಯ ಹತ್ತಿರ ಜನ ನಿಲ್ಲುವುದೂ ಕಡಿಮೆ.

ಗಾಡಿ ನಿಲ್ಲಿಸಿ ಹಣ್ಣು ಆರಿಸಿದೆವು. ಎರಡು ಕೆಜಿ ಜಜ್ಜಿಹೋಗಿತ್ತು. 28 ಕೆಜಿ ಮಾರಬಹುದಾದ ಮಾಲು. 3,040ನ್ನು 28ರಿಂದ ಭಾಗಿಸಿ ಹೇಳಿದೆ: "ಮಾಮ, ಅಸಲೇ ಕೆಜಿಗೆ ನೂರ ಎಂಟೂವರೆ ಬಿತ್ತು."

"ಹಂಗಾದ್ರೆ ನೂರ ಮೂವತ್ತು ಹೇಳೋಣ. ಇಪ್ಪತ್ತಾದ್ರೂ ಬೇಡ್ವಾ?"

ಬೋಣಿ ಆಯಿತು. ಮೊದಮೊದಲು ಬಂದವರು ಗೊಣಗಿಕೊಂಡೇ ಕೊಂಡರು. ಒಂಬತ್ತು ಗಂಟೆಯ ಹೊತ್ತಿಗೆ ಐದು ಕೆಜಿ ಹೋಗಿತ್ತು. ಆಮೇಲೆ ನಿಂತುಬಿಟ್ಟಿತು. ಜನ ಬರುತ್ತಾರೆ, ರೇಟು ಕೇಳುತ್ತಾರೆ, ಮುಂದೆ ಹೋಗುತ್ತಾರೆ. ಒಬ್ಬ ಅಕ್ಕ ಹೇಳಿಯೇ ಹೋದರು: "ಮೂಲೇಲಿ ಇನ್ನೊಂದು ಗಾಡಿ ಇದೆ. ಅಲ್ಲಿ ನೂರ ಇಪ್ಪತ್ತು."

ಮಾಮನಿಗೆ ಸಿಟ್ಟು ಬಂತು. "ಅವನಿಗೆ ನಷ್ಟ ಆಗಲ್ವಾ?" ಅಂದ. ಅವನಿಗೂ ಅಸಲು ಹೆಚ್ಚು ಕಡಿಮೆ ಅಷ್ಟೇ ಇರಬೇಕು, ಹನ್ನೊಂದು ರೂಪಾಯಿಗೇ ತೃಪ್ತಿ ಪಟ್ಟಿದ್ದಾನೆ ಅಂದೆ. ಎರಡು ಗಾಡಿಯ ಟೊಮ್ಯಾಟೊದಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಗಿರಾಕಿ ಐವತ್ತು ಹೆಜ್ಜೆ ನಡೆದು ಹತ್ತು ರೂಪಾಯಿ ಉಳಿಸಿಕೊಳ್ಳುತ್ತಾರೆ. ಟೊಮ್ಯಾಟೊ 30 ಇದ್ದಾಗ ಒಂದೆರಡು ರೂಪಾಯಿಗೆ ಯಾರೂ ನಡೆಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ದುಬಾರಿ ಕಾಲದಲ್ಲಿ ಗಿರಾಕಿಯ ಕಣ್ಣೂ ಕಾಲೂ ಚುರುಕಾಗುತ್ತವೆ. ಮಾಮ ಅರ್ಧ ಗಂಟೆ ತಡೆದು ನೋಡಿದ. ಕೊನೆಗೆ ನೂರ ಇಪ್ಪತ್ತಕ್ಕೆ ಇಳಿದ. ಪುಸ್ತಕದಲ್ಲಿ ಮಾರುಕಟ್ಟೆ ದರವನ್ನು ಒಪ್ಪಿಕೊಳ್ಳುವ ಮಾರಾಟಗಾರ ಅಂತ ಓದಿದ್ದು ಆ ಅರ್ಧ ಗಂಟೆಯಲ್ಲಿ ನನ್ನ ಕಣ್ಣೆದುರೇ ನಿಂತಿತ್ತು, ಹೆಗಲ ಮೇಲೆ ಟವೆಲ್ ಹಾಕಿಕೊಂಡು.

ರೇಟು ಇಳಿದ ಮೇಲೆ ವ್ಯಾಪಾರ ಶುರುವಾಯಿತು. ಆದರೆ ಯಾರು ಎಷ್ಟು ಕೊಳ್ಳುತ್ತಾರೆ ಅನ್ನುವುದೇ ನೋಡಬೇಕಾದ ವಿಷಯ. ವಾರಕ್ಕೆ ಎರಡು ಕೆಜಿ ಒಯ್ಯುತ್ತಿದ್ದ ಮನೆಯವರು ಅರ್ಧ ಕೆಜಿ ಕೇಳಿದರು. ಸಾರಿಗೆ ಹುಣಸೆಹಣ್ಣು ಇದೆ, ಚಿತ್ರಾನ್ನಕ್ಕೆ ನಿಂಬೆ ಇದೆ, ಟೊಮ್ಯಾಟೊ ಗೊಜ್ಜು ಈ ತಿಂಗಳು ಇಲ್ಲ. ಒಬ್ಬರೇ ಇರುವ ಹುಡುಗರು ಲೆಕ್ಕಕ್ಕೆ "ಮೂರು ಹಣ್ಣು" ಅಂತ ತೂಕ ಮಾಡಿಸಿದರು. ಪಕ್ಕದ ರಸ್ತೆಯ ಮೆಸ್‌ನವರು ಮಾತ್ರ ಬಂದು ನಾಲ್ಕು ಕೆಜಿ ತೆಗೆದರು. ಮಾಮೂಲಿ ಆರು ಒಯ್ಯುತ್ತಿದ್ದರು. "ರಸಂ ಸ್ವಲ್ಪ ತೆಳ್ಳಗಾಗುತ್ತೆ, ಏನ್ ಮಾಡೋದು ಹೇಳಿ" ಅಂದರು. ಊಟದ ರೇಟು ಬೋರ್ಡ್ ಮೇಲೆ ಬರೆದಾಗಿದೆ. ತಿಂಗಳ ಗಿರಾಕಿಗಳಿಂದ ಮೊದಲೇ ದುಡ್ಡು ತಗೊಂಡಾಗಿದೆ. ರಸಂ ನಿಲ್ಲಿಸುವ ಹಾಗಿಲ್ಲ.

ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತ ಪರೀಕ್ಷೆಗೆ ಬರೆಯುತ್ತೀರಲ್ಲ, ಅದು ಇದೇ. ಒಂದೇ ಹಣ್ಣಿಗೆ ಮನೆಯವರ ಕೈ ಬೇಗ ಹಿಂದೆ ಸರಿಯಿತು, ಮೆಸ್‌ನವರ ಕೈ ಸ್ವಲ್ಪವೇ ಸರಿಯಿತು. ಬದಲಿ ವಸ್ತು ಇರುವವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸ ಅಷ್ಟೇ. ಮಾಮ ಈ ಹೆಸರು ಕೇಳಿರಲಿಲ್ಲ. ಆದರೆ ಹನ್ನೊಂದು ಗಂಟೆಗೇ ಅವನಿಗೆ ವಿಷಯ ತಿಳಿದುಹೋಗಿತ್ತು. ಕೂಗುವುದನ್ನೇ ಬದಲಾಯಿಸಿದ. "ಕೆಜಿ ನೂರ ಇಪ್ಪತ್ತು" ಬಿಟ್ಟು "ಕಾಲು ಕೆಜಿ ಮೂವತ್ತು" ಅಂತ ಕೂಗತೊಡಗಿದ. ರೇಟು ಅದೇ. ಆದರೆ ಎಲ್ಲರಿಗೂ ಬೇಕಾಗಿದ್ದೇ ಕಾಲು ಕೆಜಿ. ಹಾದು ಹೋಗುವವರ ಕಿವಿಗೆ ಮೂವತ್ತು ಬಿದ್ದರೆ ನಿಲ್ಲುತ್ತಿದ್ದರು. ಕೊಸರು ಮಾತ್ರ ಕೇಳಬೇಡಿ. ಬೇರೆ ಕಾಲದಲ್ಲಿ ತೂಕದ ಮೇಲೆ ಒಂದು ಹಣ್ಣು ಎಸೆಯುತ್ತಿದ್ದ ಮಾಮ, ಅವತ್ತು ಮುಳ್ಳು ಒಂದು ಕೂದಲು ಆಚೆ ಹೋದರೂ ದೊಡ್ಡ ಹಣ್ಣು ತೆಗೆದು ಚಿಕ್ಕದು ಇಡುತ್ತಿದ್ದ. ಕೊಸರಿಗೆ ಕರಿಬೇವು ಕೊಡುತ್ತಿದ್ದ.

ಮಧ್ಯಾಹ್ನ ಒಂದರ ಹೊತ್ತಿಗೆ ಇನ್ನೂ 13 ಕೆಜಿ ಹೋಗಿತ್ತು. ಹತ್ತು ಕೆಜಿ ಉಳಿದಿತ್ತು. ಸಂಜೆ ವ್ಯಾಪಾರ ಇದೆ ಅಂತ ನಾವಿಬ್ಬರೂ ನೆಮ್ಮದಿಯಾಗಿ ಊಟ ಮಾಡಿದೆವು. ನಾಲ್ಕರಿಂದ ಆರರವರೆಗೆ ಮೂರು ಕೆಜಿ ಹೋಯಿತು. ಆರಕ್ಕೆ ಮಳೆ ಹಿಡಿಯಿತು.

ಇಲ್ಲಿ ವಿದ್ಯಾರ್ಥಿಗಳು ತಪ್ಪು ಮಾಡುವ ಜಾಗ ಒಂದಿದೆ. ಬೆಳಗ್ಗೆ 130 ಅಂದಾಗ ಗಿರಾಕಿಗಳು ಹಿಂದೆ ಸರಿದರು, 120 ಅಂದಾಗ ಬಂದರು. ಅಲ್ಲಿ ಬದಲಾದದ್ದು ದರ. ಅದಕ್ಕೆ ತಕ್ಕಂತೆ ಕೊಳ್ಳುವ ಪ್ರಮಾಣ ಬದಲಾಯಿತು, ಯಾವ ದರಕ್ಕೆ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಬೇಡಿಕೆಯ ರೇಖೆ ಇದ್ದಲ್ಲೇ ಇತ್ತು. ಮಳೆ ಬಂದಾಗ ಆದದ್ದೇ ಬೇರೆ. ಆಗ 120ಕ್ಕೂ ಗಿರಾಕಿ ಇಲ್ಲ, 110ಕ್ಕೂ ಇಲ್ಲ. ಮನೆಯಿಂದ ಹೊರಗೆ ಬಂದರೆ ತಾನೇ. ಅಂದರೆ ಇಡೀ ರೇಖೆಯೇ ಎಡಕ್ಕೆ ಜರುಗಿತು. ಪೂರೈಕೆ? ಅದು ನಮ್ಮ ಗಾಡಿಯ ಮೇಲೆ, ನೀಲಿ ಟಾರ್ಪಾಲಿನ ಕೆಳಗೆ, ಏಳು ಕೆಜಿಯಲ್ಲಿ ನಿಂತಿತ್ತು. ಅದನ್ನು ಹೆಚ್ಚು ಮಾಡುವ ಹಾಗೂ ಇಲ್ಲ, ಮಂಡಿಗೆ ವಾಪಸ್ ಕೊಟ್ಟು ಕಡಿಮೆ ಮಾಡುವ ಹಾಗೂ ಇಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಮೀನಿನ ವ್ಯಾಪಾರ ತೋರಿಸಿ ಇದನ್ನೇ ವಿವರಿಸಿದ್ದ. ಅವತ್ತಿನ ಮೀನು ಎಷ್ಟು ಬಂದಿದೆಯೋ ಅಷ್ಟೇ ಪೂರೈಕೆ. ಅವತ್ತಿನ ಮಟ್ಟಿಗೆ ದರವನ್ನು ಏರಿಸುವುದು, ಇಳಿಸುವುದು ಬೇಡಿಕೆಯೇ.

ಏಳೂವರೆಗೆ ಮಳೆ ತೆಳುವಾಯಿತು. ಛತ್ರಿ ಹಿಡಿದು ಒಬ್ಬಿಬ್ಬರು ಓಡಾಡತೊಡಗಿದರು. ಅಷ್ಟು ಹೊತ್ತಿಗೆ ಬಂದಿದ್ದ ದುಡ್ಡು 2,570. ಹಾಕಿದ್ದು 3,040. ಮಾಮ ಟೊಮ್ಯಾಟೊ ಒತ್ತಿ ನೋಡಿದ. ಮೆತ್ತಗಾಗಿದ್ದವು. ಬೆಳಗಿನಿಂದ ಎಲ್ಲರೂ ಆರಿಸಿ ಬಿಟ್ಟ ಹಣ್ಣು, ಮೇಲೆ ಮಳೆಯ ತೇವ.

"ಎಂಬತ್ತಕ್ಕೆ ಕೊಟ್ಟುಬಿಡೋಣ ಮಾಮ" ಅಂದೆ.

"ತಲೆ ಕೆಟ್ಟಿದ್ಯಾ? ನೂರ ಎಂಟೂವರೆ ಅಸಲು ಅಂತ ನೀನೇ ಹೇಳ್ದೆ. ಅಸಲಿಗಿಂತ ಕಮ್ಮಿಗೆ ಯಾರಾದ್ರೂ ಮಾರ್ತಾರೇನೋ?"

ಪಕ್ಕದಲ್ಲಿ ಹೂ ಮಾರುವ ಒಬ್ಬ ಅಮ್ಮ ಇದ್ದರು. ಮಲ್ಲಿಗೆ ಮೊಳಕ್ಕೆ ಮೂವತ್ತು ಇದ್ದದ್ದನ್ನು ಅವರು ಆಗಲೇ ಹತ್ತಕ್ಕೆ ಕೊಟ್ಟು ಬುಟ್ಟಿ ಖಾಲಿ ಮಾಡುತ್ತಿದ್ದರು. ಮಾಮನ ಮಾತು ಕೇಳಿ ಹೇಳಿದರು: "ಅಣ್ಣಾ, ಅಸಲು ನೋಡೋದು ಬೆಳಗ್ಗೆ ಕೊಳ್ಳುವಾಗ. ಸಂಜೆ ಅಸಲು ನೋಡಿದ್ರೆ ಹೂವು ಬಾಡೋದು ನಿಲ್ಲುತ್ತಾ?"

ಮುಳುಗಿದ ವೆಚ್ಚದ ಬಗ್ಗೆ ನಾನು ಅದಕ್ಕಿಂತ ಚೆನ್ನಾಗಿ ಇವತ್ತಿಗೂ ಪಾಠ ಮಾಡಿಲ್ಲ. ಮಂಡಿಗೆ ಕೊಟ್ಟ ದುಡ್ಡು ಹೋಗಿಯಾಗಿದೆ. 80ಕ್ಕೆ ಮಾರಿದರೂ ಹೋಗಿದೆ, ಮಾರದೆ ಇಟ್ಟರೂ ಹೋಗಿದೆ. ಹಾಗಾಗಿ ಏಳೂವರೆ ಗಂಟೆಗೆ 80ನ್ನು ಹೋಲಿಸಬೇಕಾದದ್ದು 108ರ ಜತೆ ಅಲ್ಲ. ಇದೇ ಹಣ್ಣು ನಾಳೆ ಎಷ್ಟಕ್ಕೆ ಹೋಗುತ್ತದೆ ಅನ್ನುವುದರ ಜತೆ. ಮಾಮ ಬೆರಳು ಎಣಿಸಿದ. ಏಳರಲ್ಲಿ ಎರಡು ಕೆಜಿ ರಾತ್ರಿಯೇ ನೀರೊಡೆಯುತ್ತದೆ. ಉಳಿದ ಐದನ್ನು ಹೊಸ ಮಾಲಿನ ಪಕ್ಕ ಇಟ್ಟರೆ ಯಾರೂ 120 ಕೊಡುವುದಿಲ್ಲ. 80 ಸಿಕ್ಕರೆ ಹೆಚ್ಚು. ಅಂದರೆ ನಾಳೆ 400. ಇವತ್ತು ಎಲ್ಲ ಹೋದರೆ 560. ಇದರಲ್ಲಿ ಯೋಚನೆ ಮಾಡುವುದೇನಿದೆ?

"ಕಾಲು ಕೆಜಿ ಇಪ್ಪತ್ತೂ! ಇಪ್ಪತ್ತು ಇಪ್ಪತ್ತು!"

ಬಸ್ಸಿಳಿದು ಮನೆಗೆ ಓಡುತ್ತಿದ್ದವರು ನಿಂತರು. ಬೆಳಗ್ಗೆ ರೇಟು ಕೇಳಿ ಹೋಗಿದ್ದ ಅಜ್ಜಿಯೊಬ್ಬರು ಎದುರು ಮನೆಯಿಂದ ಮೊಮ್ಮಗನನ್ನು ಕಳಿಸಿದರು. ಮುಕ್ಕಾಲು ಗಂಟೆಯಲ್ಲಿ ಆರು ಕೆಜಿ ಹೋಯಿತು. ಉಳಿದ ಒಂದು ಕೆಜಿ ಯಾರಿಗೂ ಬೇಡವಾಗಿ ಮಾಮನ ಮನೆಗೇ ಹೋಗಿ ಗೊಜ್ಜಾಯಿತು. ಆರು ಕೆಜಿಗೆ 480. ಒಟ್ಟು ಬಂದದ್ದು 3,050. ಖರ್ಚು 3,040. ಮೂರು ಸಾವಿರ ರೂಪಾಯಿ ಬಿಸಿಲಲ್ಲಿ, ಮಳೆಯಲ್ಲಿ ದುಡಿದು ತಂದ ಲಾಭ ಹತ್ತು ರೂಪಾಯಿ, ಒಂದು ಟೀಗೂ ಸಾಲದು. ಬೀನ್ಸ್, ಈರುಳ್ಳಿ, ಸೊಪ್ಪು ಅವತ್ತಿನ ಮಾನ ಕಾಪಾಡಿದವು.

ಹಾಗಾದರೆ ಜನ ಅಷ್ಟೊಂದು ದುಡ್ಡು ಕೊಟ್ಟರಲ್ಲ, ಅದೆಲ್ಲ ಎಲ್ಲಿ ಹೋಯಿತು? ಮಾಮೂಲಿ ದಿನ ನಮ್ಮ ಬೀದಿ ಟೊಮ್ಯಾಟೊಗೆ ಸಾವಿರದ ಚಿಲ್ಲರೆ ಖರ್ಚು ಮಾಡುತ್ತಿತ್ತು. ಆ ದಿನ ಮೂರು ಸಾವಿರ. ದರ ನಾಲ್ಕರಷ್ಟಾದರೂ ಕೊಳ್ಳುವುದು ನಾಲ್ಕನೇ ಒಂದಕ್ಕೆ ಇಳಿಯಲಿಲ್ಲ, ಅದಕ್ಕೇ ಒಟ್ಟು ಖರ್ಚು ಏರಿತು. ಆದರೆ ಏರಿದ ಭಾಗ ಗಾಡಿಯಲ್ಲಿ ನಿಲ್ಲುವುದಿಲ್ಲ. ಗಾಡಿಗಳು ಬೇಕಾದಷ್ಟಿವೆ, ಟೊಮ್ಯಾಟೊ ಬೇಕಾದಷ್ಟಿಲ್ಲ. ಯಾವುದು ಕಡಿಮೆ ಇದೆಯೋ ಅದರ ಒಡೆಯನ ಕಡೆಗೆ ದುಡ್ಡು ಹರಿಯುತ್ತದೆ. ಆ ಜುಲೈನಲ್ಲಿ ರೋಗ ತಪ್ಪಿಸಿಕೊಂಡ ತೋಟ ಯಾರದ್ದಿತ್ತೋ, ಅವರಿಗೆ. ಗಾಡಿಯವನಿಗೆ ಹೆಚ್ಚಿದ್ದು ಅಪಾಯ ಮಾತ್ರ. ಮೊದಲು ಒಂದು ಕೆಜಿ ಕೊಳೆತರೆ 20 ರೂಪಾಯಿ ಹೋಗುತ್ತಿತ್ತು, ಈಗ ನೂರು.

ಸೋಮವಾರದಿಂದ ಮಾಮ ಒಂದೇ ಬಾಕ್ಸ್‌ಗೆ ಬಂದ. ಸಂಜೆ ಐದಕ್ಕೇ ಮೋಡ ನೋಡುವುದು, ಆರಕ್ಕೆ ರೇಟು ಇಳಿಸಲು ಶುರು ಮಾಡುವುದು ಅಭ್ಯಾಸವಾಯಿತು. ಒಮ್ಮೆಲೇ 40 ಇಳಿಸುವುದಕ್ಕಿಂತ ಗಂಟೆಗೊಮ್ಮೆ ಹತ್ತು ಹತ್ತು ಇಳಿಸಿದರೆ ಒಟ್ಟು ಜಾಸ್ತಿ ಬರುತ್ತದೆ ಅಂತ ಅವನೇ ಕಂಡುಕೊಂಡ. ಆದರೆ ಅದನ್ನು ದಿನಾ ಒಂದೇ ಹೊತ್ತಿಗೆ ಮಾಡಿದರೆ ಗಿರಾಕಿಗಳು ಕಾಯುವುದನ್ನು ಕಲಿತುಬಿಡುತ್ತಾರೆ. ಆ ಎದುರು ಮನೆ ಅಜ್ಜಿ ಕಲಿತೇಬಿಟ್ಟರು. ಬೆಳಗ್ಗೆ ಕೊಳ್ಳುವುದು ನಿಲ್ಲಿಸಿ ಸಂಜೆ ಬಾಲ್ಕನಿಯಿಂದಲೇ "ಇಳೀತೇನಪ್ಪಾ?" ಅಂತ ಕೇಳುತ್ತಿದ್ದರು. ಮಾಮ ಆಮೇಲೆ ಕೆಲವು ದಿನ ಬೇಕಂತಲೇ ಇಳಿಸುತ್ತಿರಲಿಲ್ಲ.

ಜುಲೈ ಕೊನೆಗೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯಿಂದ ಅತ್ತೆಯ ತಮ್ಮನ ಫೋನ್ ಬಂತು. ಏಪ್ರಿಲ್‌ನಲ್ಲಿ ರೇಟು ಬಿದ್ದು ಕೊಯ್ಲಿನ ಕೂಲಿಯೂ ಹುಟ್ಟದೆ ಅವರು ಗಿಡ ಕಿತ್ತಿದ್ದರು. ಈಗ ಎರಡು ಎಕರೆಗೆ ಟೊಮ್ಯಾಟೊ ಹಾಕುತ್ತೇನೆ, ಸ್ವಲ್ಪ ಸಾಲ ಹೊಂದಿಸಿ ಕೊಡಿ ಭಾವ ಅಂತ ಕೇಳಿದರು. ಮಾಮನ ಹತ್ತಿರ ಕೊಡಲು ದುಡ್ಡಿರಲಿಲ್ಲ, ಅದು ಬೇರೆ. ಅವನು ಕೇಳಿದ್ದು ಇಷ್ಟು: "ನಿಮ್ಮೂರಲ್ಲಿ ಎಷ್ಟು ಜನ ಹಾಕ್ತಿದ್ದಾರೆ?"

"ಎಲ್ಲಾರೂ ಭಾವ. ನರ್ಸರೀಲಿ ಸಸಿನೇ ಸಿಕ್ತಿಲ್ಲ."

ಸಸಿ ನೆಟ್ಟ ಮೇಲೆ ಮೊದಲ ಹಣ್ಣಿಗೆ ಎರಡು ತಿಂಗಳಿಗೂ ಹೆಚ್ಚು ಬೇಕು. ಜುಲೈನ ರೇಟು ನೋಡಿ ನೆಟ್ಟದ್ದು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಎಲ್ಲರದ್ದೂ ಒಟ್ಟಿಗೇ. ದರ ಏರಿದಾಗ ಎಲ್ಲರೂ ಬೆಳೆದು, ಬೆಳೆ ಬಂದಾಗ ದರ ಬಿದ್ದು, ಬಿದ್ದದ್ದು ನೋಡಿ ಎಲ್ಲರೂ ಬಿಟ್ಟು, ಮತ್ತೆ ಏರುವ ಈ ಸುತ್ತನ್ನು ನಕ್ಷೆಯಲ್ಲಿ ಬರೆದರೆ ಜೇಡರ ಬಲೆಯ ಹಾಗೆ ಕಾಣುತ್ತದೆ. ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡೋರ್ 1934ರಲ್ಲಿ ಅದಕ್ಕೆ ಆ ಹೆಸರನ್ನೇ ಇಟ್ಟ. ಮಾಮ ಎರಡು ಎಕರೆ ಬೇಡ, ಅರ್ಧ ಸಾಕು ಅಂದ. ಅವರು ಒಂದು ಎಕರೆ ಹಾಕಿದರು. ಭಾವನ ಮಾತಿಗೆ ಅಷ್ಟು ಬೆಲೆ ಸಿಕ್ಕಿದ್ದೇ ದೊಡ್ಡದು.

ಆಗಸ್ಟ್‌ನಲ್ಲಿ ನೇಪಾಳದಿಂದಲೂ ಟೊಮ್ಯಾಟೊ ತರಿಸುವ ಸುದ್ದಿ ಬಂತು, ಇಲ್ಲಿನ ಹೊಸ ಬೆಳೆಯೂ ಬರತೊಡಗಿತು. ಸೆಪ್ಟೆಂಬರ್‌ನಲ್ಲಿ ಮಾಮ ಬಾಕ್ಸ್ 150ಕ್ಕೆ ತಂದು ಕೆಜಿ 15ಕ್ಕೆ ಮಾರುತ್ತಿದ್ದ. ನಾಲ್ಕು ಬಾಕ್ಸ್ ತಂದರೆ ಐವತ್ತೈದು ಕೆಜಿ ಮಾರಾಟ, ಖರ್ಚು 600, ಬರುವುದು 800ರ ಮೇಲೆ. ಗಾಡಿ ಮತ್ತೆ ತುಂಬಿ ನಿಂತಿತ್ತು. "ಪಾಪ, ಈಗ ನಿಮಗೆ ಕಷ್ಟ ಅಲ್ವಾ?" ಅಂತ ಅದೇ ಗಿರಾಕಿಗಳು ಕೇಳುತ್ತಿದ್ದರು. ಕಷ್ಟ ಇದ್ದದ್ದು ಶ್ರೀನಿವಾಸಪುರದಲ್ಲಿ. ದರ ಎಂಟನೇ ಒಂದು ಭಾಗಕ್ಕೆ ಬಂದರೂ ನಮ್ಮ ಬೀದಿಯವರು ಕೊಂಡದ್ದು ಎರಡರಷ್ಟು ಮಾತ್ರ. ಅಗ್ಗ ಅಂತ ಯಾರೂ ದಿನಕ್ಕೆ ಮೂರು ಹೊತ್ತು ಟೊಮ್ಯಾಟೊ ಗೊಜ್ಜು ತಿನ್ನುವುದಿಲ್ಲ. ಬಾಕ್ಸ್‌ಗೆ ಮಂಡಿಯಲ್ಲಿ ಸಿಗುವ ದುಡ್ಡಿನಲ್ಲಿ ಕಮಿಷನ್, ಲಾರಿ ಬಾಡಿಗೆ, ಕೊಯ್ಯುವ ಕೂಲಿ ಕಳೆದರೆ ರೈತರಿಗೆ ಏನೂ ಉಳಿಯುತ್ತಿರಲಿಲ್ಲ.

ಅಕ್ಟೋಬರ್ ಕೊನೆಯ ವಾರ ಅತ್ತೆಯ ತಮ್ಮ ಮತ್ತೆ ಫೋನ್ ಮಾಡಿದರು. ಇನ್ನೂ ಎರಡು ಕೊಯ್ಲು ಇದೆ, ಆದರೆ ಸಾಕಾಗಿದೆ, ನಾಳೆ ಗಿಡ ಕೀಳುತ್ತೇನೆ ಅಂದರು. ಮಾಮ ತಕ್ಕಡಿ ಕೆಳಗಿಟ್ಟು, ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು ಕೇಳಿದ: "ಅಕ್ಕಪಕ್ಕದವರೂ ಕೀಳ್ತಿದ್ದಾರಾ? ಹೌದಾದ್ರೆ ಒಂದು ವಾರ ತಡಿ."